ಒಬ್ಬಟ್ಟಿನ ಹೊತ್ತಿಗೆ ಬರುವ ಪ್ರಶ್ನೆ

ಸಂಪಾದಕರೇ, ನನಗೆ 28 ವರ್ಷ. ಊರು ಬೇಲೂರಿನ ಹತ್ತಿರ, ಕೆಲಸ ಬೆಂಗಳೂರಲ್ಲಿ. ಹೋದ ತಿಂಗಳು ಹಾಸನದಲ್ಲಿ ಚಿಕ್ಕಮ್ಮನ ಮಗಳ ಮದುವೆ ಇತ್ತು. ಊಟ ಮುಗಿಸಿ ಏಳುವಷ್ಟರಲ್ಲಿ ಏಳು ಜನ ‘ನಿಂದು ಯಾವಾಗ?’ ಅಂತ ಕೇಳಿದರು. ಪಕ್ಕದಲ್ಲಿದ್ದ ಅಮ್ಮ ನನ್ನದು ಕನ್ಯಾ ರಾಶಿ ಅನ್ನೋದನ್ನೂ ಹೇಳಿಬಿಟ್ಟರು. ಯಾರಿಗೂ ಬೇಜಾರಾಗದ ಹಾಗೆ ನಗುನಗುತ್ತಾ ತಪ್ಪಿಸಿಕೊಳ್ಳೋ ದಾರಿ ಇದ್ದರೆ ಹೇಳಿ.
– ಒಬ್ಬ ಓದುಗಿ

ಸಂಪಾದಕರ ಉತ್ತರ:

ಏಳೇ ಜನ ಅಂದರೆ ನೀವು ಮೊದಲ ಪಂಕ್ತಿಯಲ್ಲಿ ಕೂತಿರಬೇಕಮ್ಮ. ಅಲ್ಲಿ ಬಸ್ ಹಿಡಿಯುವವರೇ ಜಾಸ್ತಿ, ಮಾತಿಗೆ ಪುರುಸೊತ್ತಿರುವುದಿಲ್ಲ. ಮೂರನೇ ಪಂಕ್ತಿಯಲ್ಲಿ ಕೂತಿದ್ದರೆ ಎಣಿಸಲು ಬೆರಳು ಸಾಲುತ್ತಿರಲಿಲ್ಲ.

ನಮ್ಮ ಕಡೆಯ ನೆಂಟರು ಈ ಪ್ರಶ್ನೆಯನ್ನು ಸುಮ್ನೆ ಎಲ್ಲೆಂದರಲ್ಲಿ ಕೇಳುವುದಿಲ್ಲ. ಅದಕ್ಕೊಂದು ಹೊತ್ತಿದೆ. ಎಲೆಗೆ ಉಪ್ಪು, ಉಪ್ಪಿನಕಾಯಿ ಬೀಳುವಾಗ ‘ಯಾವಾಗ ಬಂದೆ?’ ಅನ್ನುತ್ತಾರೆ. ಕೋಸಂಬರಿ, ಪಲ್ಯ ಬರುವಾಗ ‘ಎಲ್ಲಿ ಕೆಲಸ?’ ಅಂತ ವಿಚಾರಿಸುತ್ತಾರೆ. ಒಬ್ಬಟ್ಟು ಬಡಿಸಿ, ತುಪ್ಪದವನು ಇನ್ನೂ ಎರಡು ಎಲೆ ಆಚೆ ಇರುವಾಗ ‘ಮತ್ತೆ, ನಮಗೆ ಊಟ ಯಾವಾಗ ಹಾಕಿಸ್ತೀಯ?’ ಎಂಬ ಮಾತು ಬರುತ್ತದೆ. ಈಗ ಹಾಕಿಸಿಕೊಂಡ ಊಟ ಇನ್ನೂ ಎಲೆಯ ಮೇಲೇ ಇದೆ, ಅದು ಬೇರೆ ವಿಷಯ. ತುಪ್ಪ ಬರದೆ ಒಬ್ಬಟ್ಟು ಮುರಿಯುವ ಹಾಗಿಲ್ಲ, ಪಂಕ್ತಿ ಮಧ್ಯೆ ಎದ್ದು ಹೋಗುವ ಹಾಗೂ ಇಲ್ಲ. ಬಾಯಿ ಖಾಲಿ, ಕಾಲು ಕಟ್ಟಿಹಾಕಿದ ಹಾಗೆ. ಬೇಟೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತದಾ?

ಇಲ್ಲಿ ಎಲ್ಲರೂ ಕೊಡುವ ಮೂರು ಉತ್ತರಗಳಿವೆ, ಮೂರೂ ಕೆಟ್ಟವು. ‘ನೋಡೋಣ’ ಅಂದರೆ ಹುಡುಕಲು ಶುರುಮಾಡಿ ಅಂತ ಅರ್ಥ. ‘ಈಗಲೇ ಬೇಡ’ ಅಂದರೆ ಪಕ್ಕದ ದೊಡ್ಡಮ್ಮ ದನಿ ತಗ್ಗಿಸಿ ‘ಯಾರಾದ್ರೂ ಇದ್ದಾರಾ?’ ಅನ್ನುತ್ತಾರೆ. ತಮಾಷೆಗೆಂದು ‘ನೀವೇ ಯಾರನ್ನಾದ್ರೂ ನೋಡಿ ಅತ್ತೆ’ ಅಂದಿರೋ, ಮುಗಿಯಿತು. ನೀವು ಬೆಂಗಳೂರಿನ ಬಸ್ಸಲ್ಲಿ ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಅಮ್ಮನ ವಾಟ್ಸಾಪಿಗೆ ಹುಡುಗನ ಫೋಟೋ ಬಂದಿರುತ್ತದೆ. ಹಿನ್ನೆಲೆಯಲ್ಲಿ ಕಾಫಿ ಗಿಡ, ಮುಂದೆ ಕಾರು.

ಕೆಲಸ ಮಾಡುವ ಉತ್ತರ ಒಂದೇ: ‘ಗುರುಬಲ ಇಲ್ವಂತೆ ಅತ್ತೆ.’

ಇದರ ಬಲ ಎಲ್ಲಿದೆ ಅಂದರೆ, ನೀವು ಬೇಡ ಅಂದಂತಾಗುವುದಿಲ್ಲ. ಬೇಡ ಅಂದದ್ದು ಗ್ರಹ. ಅತ್ತೆ ನಿಮ್ಮ ಜೊತೆ ವಾದ ಮಾಡಬಹುದು, ಗುರುವಿನ ಜೊತೆ ಮಾಡಲಾರರು. ಆದರೆ ಲೆಕ್ಕ ಗೊತ್ತಿಲ್ಲದೆ ಈ ಮಾತು ಬಿಟ್ಟರೆ ಮಾನ ಹೋಗುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗುರು ಒಂದೊಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ನಿಮ್ಮ ಜನ್ಮರಾಶಿಯನ್ನೇ ಒಂದು ಅಂತ ಹಿಡಿದು ಎಣಿಸಿದಾಗ ಅವನು 2, 5, 7, 9 ಅಥವಾ 11ನೇ ಮನೆಯಲ್ಲಿದ್ದರೆ ಗುರುಬಲ ಇದೆ ಅನ್ನುತ್ತಾರೆ. ಅಂದರೆ 12 ವರ್ಷದ ಸುತ್ತಿನಲ್ಲಿ ಬಲ ಇಲ್ಲದ ಸುಮಾರು ಏಳು ವರ್ಷ ತಪ್ಪಿಸಿಕೊಳ್ಳಲು ನಿಮ್ಮದು. ಆದರೆ ಆ ಏಳೂ ಒಂದೇ ಥರ ಅಲ್ಲ. 1, 3, 6, 10ರಲ್ಲಿ ಗುರು ಇದ್ದರೆ ಪೂಜೆ, ಶಾಂತಿ ಮಾಡಿಸಿ ಮದುವೆ ಮಾಡಬಹುದು ಅಂತ ಶಾಸ್ತ್ರವೇ ದಾರಿ ಬಿಟ್ಟಿದೆ. ಗಟ್ಟಿಯಾಗಿ ಬೇಡ ಅನ್ನುವುದು 4, 8, 12ಕ್ಕೆ ಮಾತ್ರ.

ನಿಮ್ಮದನ್ನೇ ನೋಡಿ. ಕನ್ಯಾ ರಾಶಿಗೆ ಮಿಥುನದ ಗುರು ಹತ್ತನೇ ಮನೆ. ಆ ವರ್ಷ ‘ಗುರುಬಲ ಇಲ್ಲ’ ಅಂದರೆ ತಿಳಿದವರು ‘ಅದಕ್ಕೇನಂತೆ, ಒಂದು ಶಾಂತಿ ಮಾಡಿಸಿದ್ರಾಯ್ತು’ ಅನ್ನುತ್ತಾರೆ. ಖರ್ಚಿಗೆ ಸೋದರಮಾವ ಜೇಬಿಗೆ ಕೈ ಹಾಕಿದರೂ ಆಶ್ಚರ್ಯವಿಲ್ಲ. ಗುರು ಕರ್ಕಕ್ಕೆ ಬಂದರೆ ಹನ್ನೊಂದನೇ ಮನೆ, ಪೂರ್ತಿ ಬಲ. ಆ ವರ್ಷ ಬಾಯಿ ಬಿಡಬೇಡಿ. ಆಮೇಲೆ ಸಿಂಹಕ್ಕೆ ಬರುತ್ತಾನೆ, ಹನ್ನೆರಡನೇ ಮನೆ. ಅದು ನಿಮ್ಮ ಸುವರ್ಣಕಾಲ. ಮರುವರ್ಷ ಕನ್ಯಾದಲ್ಲೇ ಕೂರುತ್ತಾನೆ, ಒಂದನೇ ಮನೆ, ಮತ್ತೆ ಶಾಂತಿಯ ಮಾತು. ತುಲಾಕ್ಕೆ ಹೋದರೆ ಎರಡನೇ ಮನೆ, ಮತ್ತೆ ಬಲ. ಯಾವ ರಾಶಿಗೇ ಆಗಲಿ, ಬಲ ಇಲ್ಲದ ಕಾಲ ಒಟ್ಟಿಗೆ ಎರಡು ವರ್ಷಕ್ಕಿಂತ ಜಾಸ್ತಿ ಸಿಗುವುದು ಕಷ್ಟ. ಐದು ವರ್ಷದಿಂದ ಗುರುಬಲವೇ ಬಂದಿಲ್ಲ ಅನ್ನುವವರನ್ನು ನಂಬಬೇಡಿ.

ಒಂದು ವಿಷಯದಲ್ಲಿ ನೀವು ಅದೃಷ್ಟವಂತರು. ಹಳೇ ಶಾಸ್ತ್ರದ ಪ್ರಕಾರ ಹುಡುಗಿಗೆ ನೋಡುವುದು ಗುರುಬಲ, ಹುಡುಗನಿಗೆ ರವಿಬಲ. ಸೂರ್ಯ ತಿಂಗಳಿಗೊಂದು ರಾಶಿ ದಾಟಿಬಿಡುತ್ತಾನೆ. ನಿಮಗೆ ಸಿಗುವುದು ವರ್ಷದ ರಜೆ, ನಿಮ್ಮ ಅಣ್ಣತಮ್ಮಂದಿರಿಗೆ ತಿಂಗಳದ್ದು. ಆಷಾಢ, ಪಿತೃಪಕ್ಷ, ಧನುರ್ಮಾಸ ಇಬ್ಬರಿಗೂ ಸರ್ಕಾರಿ ರಜೆ ಇದ್ದ ಹಾಗೆ. ಆದರೆ ಆಗ ಮದುವೆ ಊಟವೇ ಇರುವುದಿಲ್ಲವಲ್ಲ, ಯಾರು ಕೇಳಬೇಕು?

ರಾಶಿ ಬದಲಾಯಿಸಿ ಹೇಳುವ ಯೋಚನೆ ಮಾತ್ರ ಬೇಡ. ನಾನು ಮಾಡಿ ಕೆಟ್ಟಿದ್ದೇನೆ. 2005ರ ಬೇಸಿಗೆ. ಚಿಕ್ಕಮಗಳೂರಲ್ಲಿ ಒಂದು ಮದುವೆ. ನಮ್ಮ ಕಡೆ ಈಗ ಹುಡುಗರಿಗೂ ಗುರುಬಲವನ್ನೇ ನೋಡುತ್ತಾರಲ್ಲ, ಆ ಧೈರ್ಯದಲ್ಲಿ ಮೂಡಿಗೆರೆಯ ಸೋದರತ್ತೆಗೆ ‘ಗುರು ಎಂಟರಲ್ಲಿದ್ದಾನಂತೆ ಅತ್ತೆ, ನಂದು ಕುಂಭ ಅಲ್ವಾ?’ ಅಂದೆ. ಅತ್ತೆ ಎಡಗೈ ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸಿದರು. ‘ನಿನ್ನ ತೊಟ್ಟಿಲು ಶಾಸ್ತ್ರದಲ್ಲಿ ಹೆಸರು ಕೂಗಿದವಳು ನಾನು ಕಣೋ. ನಿಂದು ವೃಷಭ. ಗುರು ಕನ್ಯಾದಲ್ಲಿದ್ದಾನೆ, ಐದನೇ ಮನೆ. ಇದಕ್ಕಿಂತ ಒಳ್ಳೇದು ಬೇಕಾ?’ ಅಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬಡಿಸುವವನೂ ನಕ್ಕ, ತುಪ್ಪ ಕೋಸಂಬರಿ ಮೇಲೆ ಬಿತ್ತು.

ಅದಕ್ಕಿಂತ ದೊಡ್ಡ ಅಪಾಯ ನಿಮ್ಮ ಪಕ್ಕದಲ್ಲೇ ಕೂತಿದೆ. ನೀವು ‘ಇಲ್ಲ’ ಅಂದ ಗುರುಬಲವನ್ನು ಅಮ್ಮ ‘ಅಯ್ಯೋ, ಬಂದು ಎರಡು ತಿಂಗಳಾಯ್ತು’ ಅಂದರೆ ಏನು ಮಾಡುತ್ತೀರಿ? ಈ ಪ್ರಶ್ನೆ ಕೇಳುವುದು ನಿಮ್ಮನ್ನು, ಆದರೆ ಬಹಳ ಸಲ ಅದರ ಗುರಿ ಅಮ್ಮನೇ. ಹಿಂದಿನ ದಿನ ರಾತ್ರಿಯೇ ಅವರ ಜೊತೆ ಕೂತು ಮಾತು ಒಂದು ಮಾಡಿಕೊಳ್ಳಿ. ನಿಮಗೆ ನಿಜಕ್ಕೂ ಬೇಡವೋ, ಇನ್ನೊಂದೆರಡು ವರ್ಷ ಬೇಕೋ, ಅದನ್ನೂ ಅಮ್ಮನಿಗೆ ನೇರವಾಗಿ ಹೇಳಿ. ಗ್ರಹದ ಕಥೆ ಪಂಕ್ತಿಗೆ ಮಾತ್ರ, ಅಡುಗೆಮನೆಗೆ ಬೇಡ.

ಇನ್ನು ಗುರು ಕರ್ಕದಲ್ಲೋ ತುಲಾದಲ್ಲೋ ಇರುವ ವರ್ಷ ಮದುವೆಗೆ ಹೋಗಲೇಬೇಕಾಗಿ ಬಂದರೆ? ಸೀರೆಯ ಸೆರಗು ಸಿಕ್ಕಿಸಿ ಬಡಿಸಲು ನಿಂತುಬಿಡಿ. ಕೈಯಲ್ಲಿ ಸಾರಿನ ಬಕೆಟ್ ಇರುವವರನ್ನು ಹಿಡಿದು ನಿಲ್ಲಿಸುವ ಧೈರ್ಯ ಯಾವ ನೆಂಟರಿಗೂ ಇಲ್ಲ. ಯಾರಾದರೂ ‘ಏನೇ, ನಿಂದು ಯಾವಾಗ?’ ಅಂತ ಶುರುಮಾಡಿದರೆ ‘ಸಾರು ಹಾಕ್ಲಾ ದೊಡ್ಡಮ್ಮ?’ ಅಂತ ಒಂದು ಸೌಟು ಸುರಿದು, ಮುಂದಿನ ಎಲೆಗೆ ನಡೆಯಿರಿ.