ಗೃಹ ಸಾಲ ಬೇರೆ ಬ್ಯಾಂಕಿಗೆ ಬದಲಿಸಿದರೆ ನಿಜಕ್ಕೂ ಲಾಭವೇ?

ಪ್ರಶ್ನೆ: ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ನನ್ನ ಗೃಹ ಸಾಲ ಇದೆ. ಅಸಲು ಬಾಕಿ 30 ಲಕ್ಷ, ಇನ್ನೂ 12 ವರ್ಷ ಕಟ್ಟಬೇಕು. ಫ್ಲೋಟಿಂಗ್ ಬಡ್ಡಿ ಶೇ. 9.25, ಇಎಂಐ 34,565 ರೂಪಾಯಿ. ಬೇರೊಂದು ಬ್ಯಾಂಕಿನವರು ಶೇ. 8.5ಕ್ಕೆ ಕೊಡುತ್ತೇವೆ, ಇಎಂಐ 26 ಸಾವಿರಕ್ಕೆ ಇಳಿಯುತ್ತದೆ, ತಿಂಗಳಿಗೆ ಎಂಟೂವರೆ ಸಾವಿರ ಉಳಿತಾಯ ಅನ್ನುತ್ತಿದ್ದಾರೆ. ಬದಲಿಸಲು ಎಲ್ಲಾ ಸೇರಿ 38 ಸಾವಿರ ಖರ್ಚು. ಬದಲಿಸಲೇ ಸರ್?

ಉತ್ತರ: ಮೊದಲು ಆ ಎಂಟೂವರೆ ಸಾವಿರದ ಮಾತು. 30 ಲಕ್ಷಕ್ಕೆ ಮುಕ್ಕಾಲು ಪರ್ಸೆಂಟ್ ಬಡ್ಡಿ ಕಡಿಮೆಯಾದರೆ ಇಎಂಐ ಅಷ್ಟೊಂದು ಇಳಿಯುವುದೇ ಇಲ್ಲ. ಲೆಕ್ಕ ಮಾಡಿ ನೋಡಿದೆ. 26 ಸಾವಿರ ಬರಬೇಕಾದರೆ ಅವಧಿ 20 ವರ್ಷ ಆಗಬೇಕು. ಅಂದರೆ ನಿಮ್ಮ 12 ವರ್ಷದ ಸಾಲವನ್ನು ಅವರು ಸದ್ದಿಲ್ಲದೆ 20 ವರ್ಷಕ್ಕೆ ಎಳೆದಿದ್ದಾರೆ. ಈಗಿನ ಸಾಲದಲ್ಲೇ ಇದ್ದರೆ ನೀವು ಇನ್ನು ಒಟ್ಟು 49.77 ಲಕ್ಷ ಕಟ್ಟುತ್ತೀರಿ. ಅವರು ಹೇಳಿದಂತೆ ಹೋದರೆ 62.48 ಲಕ್ಷ. ಬಡ್ಡಿ ದರ ಕಡಿಮೆ, ಇಎಂಐ ಕಡಿಮೆ, ಆದರೂ ಕೈಯಿಂದ ಹೋಗುವುದು 12.7 ಲಕ್ಷ ಜಾಸ್ತಿ!

ಅವರು ಸುಳ್ಳು ಹೇಳಿಲ್ಲ ಬಿಡಿ. ಅವಧಿಯ ವಿಷಯ ಹೇಳಿಲ್ಲ, ಅಷ್ಟೇ.

ಹಾಗಾಗಿ ಅವಧಿಯನ್ನು 144 ತಿಂಗಳಿಗೇ ಕಟ್ಟಿಹಾಕಿ ಲೆಕ್ಕ ಹಾಕೋಣ. ಎಕ್ಸೆಲ್‌ನಲ್ಲಿ ಇದನ್ನು ಟೈಪ್ ಮಾಡಿ:

```
=PMT(8.5%/12,144,-3000000)
```

33,302 ರೂಪಾಯಿ ಬರುತ್ತದೆ. ಅಂದರೆ ಇಎಂಐಯಲ್ಲಿ ನಿಜವಾದ ಉಳಿತಾಯ ತಿಂಗಳಿಗೆ 1,263 ರೂಪಾಯಿ. 12 ವರ್ಷಕ್ಕೆ ಸುಮಾರು 1.82 ಲಕ್ಷ. ಅದರಲ್ಲಿ 38 ಸಾವಿರ ಖರ್ಚು ಕಳೆದರೆ 1.44 ಲಕ್ಷ ಉಳಿಯುತ್ತದೆ. ಇದು ಸಣ್ಣ ಮೊತ್ತವೇನಲ್ಲ.

ಹಾಕಿದ ಖರ್ಚು ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ಇಲ್ಲಿ ಹಲವರು 38 ಸಾವಿರವನ್ನು 1,263ರಿಂದ ಭಾಗಿಸಿ 30 ತಿಂಗಳು ಅನ್ನುತ್ತಾರೆ. ಅದು ಸ್ವಲ್ಪ ತಪ್ಪು ಲೆಕ್ಕ. ಬಡ್ಡಿ ಕಡಿಮೆ ಇದ್ದಾಗ ಇಎಂಐ ಇಳಿಯುವುದರ ಜೊತೆಗೆ ಅಸಲೂ ಬೇಗ ಕರಗುತ್ತದೆ. ಆ ಲಾಭ ಇಎಂಐಯಲ್ಲಿ ಕಾಣುವುದಿಲ್ಲ. ಸರಿಯಾಗಿ ನೋಡಬೇಕಾದ್ದು ಬಾಕಿ ಅಸಲಿನ ಮೇಲೆ ಉಳಿಯುವ ಬಡ್ಡಿಯನ್ನು. 30 ಲಕ್ಷಕ್ಕೆ ಶೇ. 0.75 ಅಂದರೆ ವರ್ಷಕ್ಕೆ 22,500, ಮೊದಲ ತಿಂಗಳಿಗೆ 1,875 ರೂಪಾಯಿ. ಇದು ಮುಂದೆ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಹೀಗೆ ನೋಡಿದರೆ ಸುಮಾರು 21 ತಿಂಗಳಲ್ಲಿ ಖರ್ಚು ಹುಟ್ಟುತ್ತದೆ. ಎರಡು ವರ್ಷದೊಳಗೆ ಮನೆ ಮಾರುವ ಅಥವಾ ಸಾಲವನ್ನೇ ತೀರಿಸುವ ಯೋಚನೆ ಇದ್ದರೆ ಮಾತ್ರ ಈ ತಾಪತ್ರಯ ಬೇಡ.

ಬಾಕಿ ಅವಧಿ ಯಾಕೆ ಮುಖ್ಯ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. ಇದೇ ದರದ ವ್ಯತ್ಯಾಸದಲ್ಲಿ ಒಬ್ಬರಿಗೆ 8 ಲಕ್ಷ ಬಾಕಿ, ಮೂರೇ ವರ್ಷ ಉಳಿದಿದೆ ಅಂದುಕೊಳ್ಳಿ. ಅವರಿಗೆ ಮೂರೂ ವರ್ಷ ಸೇರಿ ಉಳಿಯುವುದು ಬರೀ 10 ಸಾವಿರ ರೂಪಾಯಿ. ಪ್ರೊಸೆಸಿಂಗ್ ಫೀ, ಅದಕ್ಕೆ ಜಿಎಸ್‌ಟಿ, ವಕೀಲರ ವರದಿ, ಮನೆಯ ಮೌಲ್ಯಮಾಪನ, ಪತ್ರಗಳನ್ನು ಹೊಸ ಬ್ಯಾಂಕಿನಲ್ಲಿ ಒತ್ತೆ ಇಡುವಾಗಿನ ಸ್ಟಾಂಪ್ ಶುಲ್ಕ, ಇಷ್ಟಕ್ಕೇ ಅದು ಕರಗಿಹೋಗುತ್ತದೆ. ಸಾಲದ ಕೊನೆಯ ವರ್ಷಗಳಲ್ಲಿ ಇಎಂಐಯ ಬಹುಪಾಲು ಅಸಲಿಗೇ ಹೋಗುತ್ತಿರುತ್ತದೆ. ಆಗ ಉಳಿಸಲು ಬಡ್ಡಿಯೇ ಇರುವುದಿಲ್ಲ.

ಸರಿ, ನಿಮಗೆ ಲಾಭ ಇದೆ ಅಂತಾಯಿತು. ಹಾಗಂತ ಇವತ್ತೇ ಸಹಿ ಹಾಕಬೇಡಿ. ಶೇ. 8.5ನ್ನು ನೀವು ಈಗ ಕಟ್ಟುತ್ತಿರುವ 9.25ರ ಜೊತೆ ಹೋಲಿಸುತ್ತಿದ್ದೀರಿ. ಹೋಲಿಸಬೇಕಾದ್ದು ನಿಮ್ಮ ಈಗಿನ ಕಂಪನಿ ಕೇಳಿದರೆ ಎಷ್ಟಕ್ಕೆ ಇಳಿಸುತ್ತದೆ ಅನ್ನುವುದರ ಜೊತೆ. ಹಳೆ ಗ್ರಾಹಕರಿಗೆ ಹಳೆ ದರ, ಹೊಸಬರಿಗೆ ಕಡಿಮೆ ದರ ಎಂದು ನಡೆಸುವುದು ಈ ವ್ಯವಹಾರದಲ್ಲಿ ಮಾಮೂಲು. ಕೇಳದಿದ್ದರೆ ಅವರಾಗಿ ಇಳಿಸುವುದಿಲ್ಲ. ಕೇಳಿದರೆ ಕನ್ವರ್ಷನ್ ಫೀ ಅಂತ ಒಂದಿಷ್ಟು ತೆಗೆದುಕೊಂಡು ಸ್ಪ್ರೆಡ್, ಅಂದರೆ ಮೂಲ ದರದ ಮೇಲೆ ಸೇರಿಸುವ ಹೆಚ್ಚುವರಿ ಬಡ್ಡಿ, ಕಡಿಮೆ ಮಾಡುತ್ತಾರೆ.

ಅವರು 5,900 ರೂಪಾಯಿ ಫೀ ತೆಗೆದುಕೊಂಡು ಶೇ. 8.6ಕ್ಕೆ ಇಳಿಸಿದರು ಅಂದುಕೊಳ್ಳಿ. ಆ ಫೀ ನಾಲ್ಕು ತಿಂಗಳೊಳಗೆ ಹುಟ್ಟಿಬಿಡುತ್ತದೆ. ಇನ್ನು ಹೊಸ ಬ್ಯಾಂಕಿಗೂ ಇವರಿಗೂ ವ್ಯತ್ಯಾಸ ಶೇ. 0.1 ಮಾತ್ರ. ಇಎಂಐಯಲ್ಲಿ 167 ರೂಪಾಯಿ, 12 ವರ್ಷಕ್ಕೆ ಸುಮಾರು 24 ಸಾವಿರ. ಇಷ್ಟಕ್ಕೋಸ್ಕರ ನೀವು 32 ಸಾವಿರ ಹೆಚ್ಚು ಖರ್ಚು ಮಾಡಬೇಕು. ಅಲ್ಲಿಗೆ ಸಾಲ ಬದಲಿಸುವುದು ನಷ್ಟದ ಬಾಬತ್ತು! ಹೊಸ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಕೇಳಿ. ಬಾಯಿ ಮಾತಿಗಿಂತ ಆ ಕಾಗದಕ್ಕೆ ತೂಕ ಜಾಸ್ತಿ. ಕನ್ವರ್ಷನ್ ಫೀಯನ್ನು ಕೆಲವರು ಬಾಕಿ ಅಸಲಿನ ಇಷ್ಟು ಪರ್ಸೆಂಟ್ ಅಂತ ಹಾಕುತ್ತಾರೆ, ಅದನ್ನು ರೂಪಾಯಿಯಲ್ಲೇ ಬರೆಸಿಕೊಳ್ಳಿ.

ಅವರು ಇಳಿಸಲು ಒಪ್ಪಲಿಲ್ಲ ಅನ್ನಿ, ಅಥವಾ 9ರ ಹತ್ತಿರವೇ ನಿಂತರು ಅನ್ನಿ. ಆಗ ಧೈರ್ಯವಾಗಿ ಬದಲಿಸಿ. ನಿಮಗೆ ಇನ್ನೊಂದು ಅನುಕೂಲವೂ ಇದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಫ್ಲೋಟಿಂಗ್ ಗೃಹ ಸಾಲವನ್ನು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಮರುಹೊಂದಿಸಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ನಿಯಮ ಬಂದಿರಲಿಲ್ಲ. ಅವು ಸಾಮಾನ್ಯವಾಗಿ ತಮ್ಮದೇ ಮೂಲ ದರ ಇಟ್ಟುಕೊಳ್ಳುತ್ತವೆ. ಹಾಗಾಗಿ ರೆಪೊ ಇಳಿದಾಗ ಬ್ಯಾಂಕ್ ಸಾಲದಲ್ಲಿ ಅದು ಬೇಗ ಕಾಣುತ್ತದೆ. ಏರಿದಾಗಲೂ ಅಷ್ಟೇ ಬೇಗ ಕಾಣುತ್ತದೆ, ಅದನ್ನೂ ಮರೆಯಬೇಡಿ. ಹೊಸ ಬ್ಯಾಂಕಿನ ಪತ್ರದಲ್ಲಿ 8.5 ಅನ್ನುವ ಅಂಕಿಗಿಂತ ರೆಪೊ ಮೇಲೆ ಎಷ್ಟು ಸ್ಪ್ರೆಡ್ ಹಾಕಿದ್ದಾರೆ ಅನ್ನುವುದನ್ನು ನೋಡಿ.

ಹಳೆ ಸಾಲ ಮೊದಲೇ ತೀರಿಸಿದ್ದಕ್ಕೆ ದಂಡ ಕೇಳಿದರೆ ಕೊಡಬೇಡಿ. ವ್ಯಕ್ತಿಗಳ ಹೆಸರಿನ ಫ್ಲೋಟಿಂಗ್ ಗೃಹ ಸಾಲಕ್ಕೆ ಅದು ಇಲ್ಲ. ಫಿಕ್ಸೆಡ್ ದರದ ಸಾಲದ ಕಥೆ ಬೇರೆ.

ಇನ್ನೊಂದು ಕಡೆ ನಾನೇ ಎಡವಿದ್ದೇನೆ. ಮೊದಲ ಸಲ ಸಾಲ ಬದಲಿಸಿದಾಗ ಪ್ರೊಸೆಸಿಂಗ್ ಫೀ ಮನ್ನಾ ಅಂದರು, ಖುಷಿಯಾಯಿತು. ಆಮೇಲೆ ನೋಡಿದರೆ ಸಾಲದ ಮೊತ್ತ ಬಾಕಿಗಿಂತ ಜಾಸ್ತಿ ಇತ್ತು. ಸಾಲಕ್ಕೆ ವಿಮೆ ಅಂತ ಒಂದೇ ಕಂತಿನ ಪ್ರೀಮಿಯಂ ಸೇರಿಸಿ, ಅದಕ್ಕೂ ಬಡ್ಡಿ ಹಾಕಿದ್ದರು. ಒಟ್ಟಿಗೆ ಕೊಟ್ಟ ಕಾಗದಗಳಿಗೆ ಸುಮ್ನೆ ಸಹಿ ಹಾಕುತ್ತಾ ಹೋಗಿದ್ದು ನನ್ನದೇ ತಪ್ಪು. ನಿಮ್ಮ 38 ಸಾವಿರದಲ್ಲಿ ಏನೇನು ಸೇರಿದೆ ಅಂತ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಮಂಜೂರಾದ ಮೊತ್ತ, ಸಾಲ ತೀರಿಸಲು ಎಷ್ಟು ಕಟ್ಟಬೇಕೆಂದು ಹಳೆ ಕಂಪನಿ ಬರೆದು ಕೊಡುವ ಫೋರ್‌ಕ್ಲೋಷರ್ ಲೆಟರ್‌ನ ಮೊತ್ತಕ್ಕೆ ಹೊಂದುತ್ತದೆಯೇ, ಅವಧಿ 144 ತಿಂಗಳೇ ಇದೆಯೇ ನೋಡಿ.

ಸಾಧ್ಯವಾದರೆ ಇಎಂಐ ಇಳಿಸಿಕೊಳ್ಳಲೇ ಬೇಡಿ. ಈಗಿನ 34,565ನ್ನೇ ಮುಂದುವರಿಸಿದರೆ ಸಾಲ 9 ತಿಂಗಳು ಮೊದಲೇ ಮುಗಿಯುತ್ತದೆ, ಉಳಿತಾಯ ಸುಮಾರು 3 ಲಕ್ಷದವರೆಗೆ ಹೋಗುತ್ತದೆ.

ಮನೆಯ ಮೂಲ ಪತ್ರಗಳ ಪಟ್ಟಿಯನ್ನು ಹಳೆ ಕಂಪನಿಯಿಂದ ಈಗಲೇ ಬರೆಸಿಕೊಳ್ಳಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವರು ಪತ್ರ ವಾಪಸ್ ಕೊಡಬೇಕು. ಅವರ ಕಡೆಯಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2023ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಪಟ್ಟಿ ಕೈಯಲ್ಲಿದ್ದರೆ ಯಾವ ಪತ್ರ ಬಂತು, ಯಾವುದು ಬರಲಿಲ್ಲ ಅಂತ ಕೇಳಲು ದಾರಿ ಇರುತ್ತದೆ.