ಗುಣಾಂಕ ಸೊನ್ನೆ, ಅನಿಶ್ಚಿತತೆ ಸೊನ್ನೆಯಲ್ಲ

ಬರಹಗಾರರ ಪತ್ರ: "ಸರ್, ಅಳತೆಯ ಅನಿಶ್ಚಿತತೆಯನ್ನು ಲೆಕ್ಕ ಹಾಕುವ ಎರಡು ವಿಧಾನಗಳನ್ನು ಹೋಲಿಸಿ ಲೇಖನ ಬರೆದಿದ್ದೇನೆ. ಉದಾಹರಣೆ P = V²/R. V 10.00 ವೋಲ್ಟ್ (ಅನಿಶ್ಚಿತತೆ 0.02), R 50.0 ಓಮ್ (ಅನಿಶ್ಚಿತತೆ 0.1). ಸಂವೇದನಾ ಗುಣಾಂಕಗಳಿಂದ 0.00894 ವ್ಯಾಟ್ ಬಂತು. ಸಾವಿರ ಯಾದೃಚ್ಛಿಕ ಮಾದರಿಗಳ ಮಾಂಟೆ ಕಾರ್ಲೊದಲ್ಲಿ 0.00912 ಬಂತು. ಹಾಗಾಗಿ ಅರೇಖೀಯ ಸಮೀಕರಣಗಳಿಗೆ ಮಾಂಟೆ ಕಾರ್ಲೊ ಹೆಚ್ಚು ನಿಖರ ಎಂದು ತೀರ್ಮಾನಿಸಿದ್ದೇನೆ. ಪ್ರಕಟಣೆಗೆ ಯೋಗ್ಯವೇ? ಮುಲಾಜಿಲ್ಲದೆ ಹೇಳಿ."

ನಮಸ್ಕಾರ.

ಈ ರೂಪದಲ್ಲಿ ಯೋಗ್ಯವಲ್ಲ. ಭಾಷೆ ಚೆನ್ನಾಗಿದೆ, ಅವಕಲನದಲ್ಲೂ ತಪ್ಪಿಲ್ಲ. ತೊಂದರೆ ಇರುವುದು ತೀರ್ಮಾನದಲ್ಲಿ. ಅದು ನಿಮ್ಮ ಅಂಕಿಗಳಿಂದ ಹುಟ್ಟಿದ್ದಲ್ಲ, ಬರೆಯಲು ಕೂರುವ ಮೊದಲೇ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಅನಿಸುತ್ತದೆ.

ನಿಮ್ಮ ಎರಡು ಉತ್ತರಗಳ ನಡುವಿನ ಅಂತರ ಶೇ. 2. ಸಾವಿರ ಮಾದರಿಗಳಿಂದ ಮಾನಕ ವಿಚಲನೆ ತೆಗೆದರೆ ಆ ಉತ್ತರವೂ ಪ್ರತಿ ಬಾರಿ ಸ್ವಲ್ಪ ಆಚೀಚೆ ಆಗುತ್ತದೆ. ಎಷ್ಟು ಎಂದರೆ, ಫಲಿತಾಂಶ ಸಾಮಾನ್ಯ ವಿತರಣೆಗೆ ಹತ್ತಿರವಿದ್ದಾಗ, ಸುಮಾರು 1/√(2M) ಪಾಲು. M ಸಾವಿರವಾದರೆ ಅದು ಶೇ. 2.2. ಅಂದರೆ ನೀವು ಅರೇಖೀಯತೆ ಎಂದು ಹೆಸರಿಟ್ಟದ್ದು ಬರೀ ಮಾದರಿಯ ಏರಿಳಿತ. ಸೀಡ್ ಬದಲಿಸಿ ಇನ್ನೊಮ್ಮೆ ಓಡಿಸಿ, 0.0088 ಬಂದರೂ ಆಶ್ಚರ್ಯವಿಲ್ಲ. ಆಗ ಅದೇ ತರ್ಕದಲ್ಲಿ ಉಲ್ಟಾ ತೀರ್ಮಾನ ಬರೆಯುತ್ತಿದ್ದಿರಾ? ಹತ್ತು ಲಕ್ಷ ಮಾದರಿ ತೆಗೆದರೆ ಏರಿಳಿತ ಶೇ. 0.07ಕ್ಕೆ ಇಳಿಯುತ್ತದೆ, ಆಗ ಎರಡೂ ವಿಧಾನಗಳು 0.0089 ಎಂದೇ ಹೇಳುತ್ತವೆ.

ಹೇಳಲೇಬೇಕು ಕೂಡ. ನಿಮ್ಮ ಸಮೀಕರಣದಲ್ಲಿ ವರ್ಗವಿದೆ, ಭಾಗಾಕಾರವಿದೆ, ಕಾಗದದ ಮೇಲೆ ಅದು ಅರೇಖೀಯವೇ. ಆದರೆ V ತನ್ನ ಬೆಲೆಯ ಶೇ. 0.2ರಷ್ಟು ಮಾತ್ರ ಅಲುಗುತ್ತದೆ, R ಕೂಡ ಅಷ್ಟೇ. ಅಷ್ಟು ಕಿರಿದಾದ ಜಾಗದಲ್ಲಿ ವಕ್ರರೇಖೆಗೂ ಅದರ ಸ್ಪರ್ಶರೇಖೆಗೂ ವ್ಯತ್ಯಾಸವೇ ಕಾಣುವುದಿಲ್ಲ. ಎರಡನೆಯ ಅವಕಲನಗಳನ್ನು ಹಾಕಿ ನೋಡಿದೆ: ವಕ್ರತೆಯಿಂದಾಗಿ P ಸರಾಸರಿ ಸರಿಯುವುದು 0.000016 ವ್ಯಾಟ್. ಅನಿಶ್ಚಿತತೆಯ ಐನೂರರಲ್ಲಿ ಒಂದು ಪಾಲೂ ಇಲ್ಲ. ಹೀಗಾಗಿ ಈ ಉದಾಹರಣೆಗೆ ಎರಡು ವಿಧಾನಗಳನ್ನು ಬೇರ್ಪಡಿಸುವ ಶಕ್ತಿಯೇ ಇಲ್ಲ. ಸಮೀಕರಣ ಅರೇಖೀಯವೇ ಎಂಬ ಪ್ರಶ್ನೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅನಿಶ್ಚಿತತೆ ಹರಡಿರುವಷ್ಟು ಅಗಲದಲ್ಲಿ ಅದು ಎಷ್ಟು ಬಾಗುತ್ತದೆ ಎಂದು ಕೇಳಬೇಕು.

ಈ ಉದಾಹರಣೆ ಕೈಬಿಡಿ ಅನ್ನುವುದಿಲ್ಲ. ಎರಡೂ ಒಪ್ಪುವ ಸಂದರ್ಭವಾಗಿ ಒಂದು ಪ್ಯಾರಾದಲ್ಲಿ ಮುಗಿಸಿ. ಲೇಖನದ ಮುಖ್ಯ ಭಾಗಕ್ಕೆ ಒಪ್ಪದ ಸಂದರ್ಭವೊಂದು ಬೇಕು. ನಾನು ಆರಿಸುವುದಾದರೆ ಉದ್ದದ ಅಳತೆಯ ಕೊಸೈನ್ ದೋಷವನ್ನು ಆರಿಸುತ್ತೇನೆ.

ಎರಡು ಸಮಾನಾಂತರ ಮುಖಗಳ ನಡುವಿನ ಲಂಬ ದೂರ L ಬೇಕು. ಉಪಕರಣ ತೋರಿಸುವುದು d. ಆದರೆ ಉಪಕರಣ θ ಕೋನದಷ್ಟು ವಾಲಿರಬಹುದು, ಆದ್ದರಿಂದ L = d cos θ. d 1000.00 ಮಿ.ಮೀ., ಅದರ ಅನಿಶ್ಚಿತತೆ 0.02 ಮಿ.ಮೀ. ಉಪಕರಣವನ್ನು ನೇರವಾಗಿ ಕೂರಿಸಿದ್ದೇವೆ, ಹಾಗಾಗಿ θದ ಅತ್ಯುತ್ತಮ ಅಂದಾಜು 0, ಅನಿಶ್ಚಿತತೆ 0.01 ರೇಡಿಯನ್, ಅಂದರೆ ಸುಮಾರು ಅರ್ಧ ಡಿಗ್ರಿ. ವಾಲಿಕೆ ಒಂದೇ ಸಮತಲದಲ್ಲಿದೆ ಎಂದಿಟ್ಟುಕೊಳ್ಳೋಣ. (ನಿಜದಲ್ಲಿ ಎರಡು ದಿಕ್ಕಿಗೂ ವಾಲುತ್ತದೆ, ಆಗ ಪರಿಣಾಮ ಇನ್ನೂ ದೊಡ್ಡದು.)

ಮೊದಲು ಗುಣಾಂಕ ವಿಧಾನ. d ಬಗ್ಗೆ ಅವಕಲನ cos θ, ಅಂದರೆ 1. θ ಬಗ್ಗೆ ಅವಕಲನ −d sin θ, ಅಂದರೆ ಸೊನ್ನೆ. ಕೋನದ ಕೊಡುಗೆ ಲೆಕ್ಕದಿಂದ ಪೂರ್ತಿ ಮಾಯವಾಯಿತು. ಉತ್ತರ: 1000.00 ಮಿ.ಮೀ., ಅನಿಶ್ಚಿತತೆ 0.02 ಮಿ.ಮೀ., ಶೇ. 95 ವ್ಯಾಪ್ತಿ 999.96ರಿಂದ 1000.04. ಕೋನದ ಅನಿಶ್ಚಿತತೆಯನ್ನು ಹತ್ತು ಪಟ್ಟು ಮಾಡಿ, ಇದೇ ಉತ್ತರ ಬರುತ್ತದೆ! ಇಷ್ಟಕ್ಕೇ ಓದುಗರಿಗೆ ಅನುಮಾನ ಬರಬೇಕು. ನಿಮ್ಮ ಲೇಖನದಲ್ಲಿ ಅವಕಲನದ ಆರು ಸಾಲುಗಳಿವೆ, ಆದರೆ ಅವಕಲನ ಏನು ಮಾಡುತ್ತಿದೆ ಎಂಬ ಒಂದು ಸಾಲು ಇಲ್ಲ. ಅದು ಅಂದಾಜು ಬಿಂದುವಿನಲ್ಲಿ ವಕ್ರರೇಖೆಯ ಬದಲು ಸ್ಪರ್ಶರೇಖೆಯನ್ನು ಇಡುತ್ತದೆ. ಕೊಸೈನ್‌ನ ತುದಿಯಲ್ಲಿ ಸ್ಪರ್ಶರೇಖೆ ಸಪಾಟು. ಸಪಾಟು ಗೆರೆಯ ಮೇಲೆ θ ಎಷ್ಟು ಓಡಾಡಿದರೂ L ಕದಲುವುದಿಲ್ಲ.

ಈಗ ಸಿಮ್ಯುಲೇಶನ್. ನಿಮ್ಮ ಮೂರು ಪುಟದ ಪ್ರೋಗ್ರಾಂ ಬೇಡ, ಇಷ್ಟು ಸಾಕು:

```python
import numpy as np
rng = np.random.default_rng(7)
M = 1_000_000
d = rng.normal(1000.0, 0.02, M)
t = rng.normal(0.0, 0.01, M)
L = d * np.cos(t)
print(L.mean(), L.std(ddof=1))
print(np.percentile(L, [2.5, 97.5]))
```

ಸರಾಸರಿ 999.95 ಮಿ.ಮೀ., ಮಾನಕ ವಿಚಲನೆ ಸುಮಾರು 0.073 ಮಿ.ಮೀ., ಶೇ. 95 ವ್ಯಾಪ್ತಿ ಸುಮಾರು 999.75ರಿಂದ 1000.03. ಅನಿಶ್ಚಿತತೆ ಮೂರೂವರೆ ಪಟ್ಟಿಗಿಂತ ಹೆಚ್ಚಾಯಿತು, ಅಂದಾಜೂ 0.05 ಮಿ.ಮೀ. ಕೆಳಗೆ ಸರಿಯಿತು. ಗುಣಾಂಕ ವಿಧಾನ ಶೇ. 95 ಎಂದು ಹೇಳಿದ ವ್ಯಾಪ್ತಿಯೊಳಗೆ ಈ ಹತ್ತು ಲಕ್ಷದಲ್ಲಿ ಬೀಳುವುದು ಸುಮಾರು ಶೇ. 59 ಮಾತ್ರ. ನಿಮ್ಮ ಲೇಖನದ ಕೇಂದ್ರದಲ್ಲಿ ಇರಬೇಕಾದ ಅಂಕಿ ಇದು.

ಅಂಕಿಯನ್ನು ಕೊಟ್ಟು ಸುಮ್ಮನಾಗಬೇಡಿ, ಅದು ಎಲ್ಲಿಂದ ಬಂತೆಂದು ಕೈಲೆಕ್ಕದಲ್ಲಿ ತೋರಿಸಿ. ಸಣ್ಣ ಕೋನಕ್ಕೆ cos θ ಎಂದರೆ 1 − θ²/2. θ ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ L ಕಡಿಮೆಯೇ ಆಗುತ್ತದೆ, ಎಂದೂ ಹೆಚ್ಚುವುದಿಲ್ಲ. θ²ದ ಸರಾಸರಿ 0.0001, ಆದ್ದರಿಂದ ಸರಾಸರಿ ಇಳಿಕೆ 1000 × 0.0001 / 2, ಅಂದರೆ 0.05 ಮಿ.ಮೀ. ಆ ಇಳಿಕೆಯ ಮಾನಕ ವಿಚಲನೆ ಅದರ √2 ಪಟ್ಟು, 0.071. ಅದನ್ನು 0.02ರ ಜೊತೆ ವರ್ಗಗಳ ಮೊತ್ತದಲ್ಲಿ ಸೇರಿಸಿದರೆ 0.073. ಸಿಮ್ಯುಲೇಶನ್ ಕೊಟ್ಟದ್ದೂ ಇದನ್ನೇ. ಗುಣಾಂಕ ವಿಧಾನದ ಮೂಲ ಕೈಪಿಡಿಯಾದ ಗಮ್‌ನಲ್ಲೂ, ಅರೇಖೀಯತೆ ಗಣನೀಯವಾಗಿದ್ದರೆ ಮೇಲಿನ ಘಾತದ ಪದಗಳನ್ನು ಸೇರಿಸಬೇಕೆಂಬ ಟಿಪ್ಪಣಿ ಇದೆ. ಅದನ್ನು ಪಾಲಿಸಿದರೆ ಇದೇ 0.073 ಬರುತ್ತದೆ. "ಗುಣಾಂಕ ವಿಧಾನ ತಪ್ಪು" ಎಂದು ನೀವು ಬರೆದಿರುವುದನ್ನು "ಮೊದಲ ಘಾತಕ್ಕೆ ನಿಲ್ಲಿಸಿದ ಗುಣಾಂಕ ವಿಧಾನ ಇಲ್ಲಿ ಸಾಲದು" ಎಂದು ತಿದ್ದಿ. ಆದರೆ ಮೇಲಿನ ಘಾತದ ಆ ಪದ ಅಗಲವನ್ನಷ್ಟೇ ಸರಿಪಡಿಸುತ್ತದೆ, ಅಂದಾಜು 1000.00ದಲ್ಲೇ ಕೂತಿರುತ್ತದೆ, ಆಕಾರದ ಬಗ್ಗೆಯೂ ಏನೂ ಹೇಳುವುದಿಲ್ಲ.

ಆಕಾರವೇ ಇಲ್ಲಿ ಮುಖ್ಯ. Lನ ಹಿಸ್ಟೋಗ್ರಾಂ ಹಾಕಿ: ಬಲಗಡೆ ಕಡಿದಾಗಿ ಇಳಿಯುತ್ತದೆ, ಎಡಗಡೆ ಉದ್ದ ಬಾಲ. ಇಂಥದ್ದನ್ನು "999.95 ± 0.15" ಎಂದು ಬರೆದರೆ ಮೇಲಿನ ತುದಿ 1000.10 ಆಗುತ್ತದೆ. ಅಲ್ಲಿಗೆ ಮುಟ್ಟಲು d ತನ್ನ ಅನಿಶ್ಚಿತತೆಯ ಐದು ಪಟ್ಟು ಮೇಲೆ ಹೋಗಬೇಕು, ನಡೆಯದ ಮಾತು. ಎರಡು ತುದಿಗಳನ್ನು ಬೇರೆ ಬೇರೆಯಾಗಿ ಕೊಡಿ. ಎರಡೂ ಬದಿ ಶೇ. 2.5 ಬಿಡುವ ಬದಲು ಶೇ. 95ನ್ನು ಹಿಡಿಯುವ ಅತಿ ಕಿರಿದಾದ ವ್ಯಾಪ್ತಿಯನ್ನು ಹುಡುಕಿದರೆ ಸುಮಾರು 999.80ರಿಂದ 1000.04 ಸಿಗುತ್ತದೆ. ಯಾವುದನ್ನು ಕೊಡುತ್ತಿದ್ದೀರಿ ಎಂದು ಬರೆಯಿರಿ, ಸಮ್ಮಿತಿ ಇಲ್ಲದಿದ್ದಾಗ ಎರಡೂ ಒಂದೇ ಅಲ್ಲ.

ಹೋಲಿಕೆಯನ್ನು ಕಣ್ಣಳತೆಗೆ ಬಿಡಬೇಡಿ. ಗಮ್‌ಗೆ 2008ರಲ್ಲಿ ಬಂದ ಮೊದಲ ಪೂರಕ, ಜೆಸಿಜಿಎಂ 101, ಇದಕ್ಕೊಂದು ಪರೀಕ್ಷೆ ಕೊಡುತ್ತದೆ. ಅನಿಶ್ಚಿತತೆಯನ್ನು ಎರಡು ಅರ್ಥಪೂರ್ಣ ಅಂಕಿಗಳಲ್ಲಿ ಬರೆದು, ಕೊನೆಯ ಅಂಕಿಯ ಅರ್ಧವನ್ನು ಸಹನೆಯ ಮಿತಿ ಎನ್ನಿ. ನಮ್ಮಲ್ಲಿ 0.020, ಹಾಗಾಗಿ ಮಿತಿ 0.0005 ಮಿ.ಮೀ. ಎರಡು ವಿಧಾನಗಳ ಕೆಳತುದಿಗಳ ಅಂತರವೂ ಮೇಲುತುದಿಗಳ ಅಂತರವೂ ಈ ಮಿತಿಯೊಳಗೆ ಇದ್ದರೆ ಗುಣಾಂಕ ವಿಧಾನ ಪಾಸು. ನಮ್ಮ ಕೆಳತುದಿಗಳ ಅಂತರ ಸುಮಾರು 0.21, ಮೇಲುತುದಿಗಳದ್ದು ಸುಮಾರು 0.01. ಎರಡೂ ಕಡೆ ಫೇಲು. ಪಾಸಾಗುವ ಹಂತದಲ್ಲಿರುವ ಲೆಕ್ಕಗಳಲ್ಲಿ ಮಾತ್ರ ಒಂದು ಎಚ್ಚರ: ಸಿಮ್ಯುಲೇಶನ್ನಿನ ಸ್ವಂತ ಏರಿಳಿತ ಈ ಮಿತಿಗಿಂತ ಸಾಕಷ್ಟು ಚಿಕ್ಕದಿರಬೇಕು, ಇಲ್ಲದಿದ್ದರೆ ನಿಮ್ಮ ಸಾವಿರ ಮಾದರಿಯ ಕತೆಯೇ ಮತ್ತೆ.

ಇದೇ ಉಪಕರಣ 0.05 ರೇಡಿಯನ್ ವಾಲಿದೆ ಎಂದು ಅಳೆದು ಗೊತ್ತಾಗಿದ್ದರೆ? ಆಗ ನಾವು ತುದಿಯಲ್ಲಿಲ್ಲ, ಇಳಿಜಾರಿನಲ್ಲಿದ್ದೇವೆ. ಕೋನದ ಕೊಡುಗೆ ಮೊದಲ ಘಾತದಲ್ಲೇ 0.50 ಮಿ.ಮೀ., ವಕ್ರತೆಯ 0.07 ಅದರಲ್ಲಿ ಮುಳುಗಿಹೋಗುತ್ತದೆ. ಎರಡು ವಿಧಾನಗಳ ಅನಿಶ್ಚಿತತೆ ಶೇ. 1ರೊಳಗೆ ಒಪ್ಪುತ್ತದೆ. ಸಮೀಕರಣ ಬದಲಾಗಿಲ್ಲ, ಕೋನದ ಅನಿಶ್ಚಿತತೆಯೂ ಬದಲಾಗಿಲ್ಲ, ನಿಂತ ಜಾಗ ಬದಲಾಯಿತು. ಈ ಪ್ಯಾರಾ ನಿಮ್ಮ ಲೇಖನದಲ್ಲಿ ಬಂದರೆ "ಅರೇಖೀಯ ಸಮೀಕರಣಗಳಿಗೆ" ಎಂಬ ಸಾಮಾನ್ಯೀಕರಣ ತಾನಾಗಿಯೇ ಬಿದ್ದುಹೋಗುತ್ತದೆ.

"ಹೆಚ್ಚು ನಿಖರ" ಎಂಬ ಮಾತಿಗೂ ಒಂದು ತಕರಾರಿದೆ. ಸಿಮ್ಯುಲೇಶನ್ ಸಮೀಕರಣದ ಬಾಗನ್ನು ಗೌರವಿಸುತ್ತದೆ ನಿಜ, ಆದರೆ ನೀವು ಕೊಟ್ಟ ವಿತರಣೆಯನ್ನು ಕಣ್ಣುಮುಚ್ಚಿ ನಂಬುತ್ತದೆ. ಕೋನದ ಬಗ್ಗೆ ಗೊತ್ತಿರುವುದು ±0.0173 ರೇಡಿಯನ್ ಮಿತಿಯಷ್ಟೇ ಎಂದಾದರೆ ಆಯತ ವಿತರಣೆ ಬಳಸಬೇಕು. ಅದರ ಮಾನಕ ವಿಚಲನೆಯೂ 0.01, ಆದ್ದರಿಂದ ಗುಣಾಂಕ ವಿಧಾನಕ್ಕೆ ಭೇದವೇ ತಿಳಿಯದು, ಸರಾಸರಿ ಇಳಿಕೆಯೂ ಅದೇ 0.05. ಆದರೆ ಇಳಿಕೆ 0.15 ಮಿ.ಮೀ. ದಾಟುವಂತಿಲ್ಲ, ಎಡಬಾಲ ಕತ್ತರಿಸಿಹೋಗುತ್ತದೆ, ಅನಿಶ್ಚಿತತೆ 0.073ರಿಂದ 0.049ಕ್ಕೆ ಬರುತ್ತದೆ. ನೀವು ಎಲ್ಲಕ್ಕೂ ಸಾಮಾನ್ಯ ವಿತರಣೆ ಹಾಕಿ ಕಾರಣ ಕೊಟ್ಟಿಲ್ಲ. ಇಂಥ ಲೆಕ್ಕದಲ್ಲಿ ಆ ಆಯ್ಕೆಯೇ ಉತ್ತರದ ಮೂರನೇ ಒಂದು ಭಾಗವನ್ನು ಬದಲಿಸುತ್ತದೆ.

ಮೊನಾಕೊದ ಜೂಜುಕಟ್ಟೆಯಿಂದ ಶುರುವಾಗುವ ಮೊದಲ ಎರಡು ಪುಟ ಪೂರ್ತಿ ತೆಗೆಯಿರಿ. ಪರಿಷ್ಕರಿಸಿದ ಪ್ರತಿ ಕಳಿಸುವಾಗ ಹಿಸ್ಟೋಗ್ರಾಂ, M, ಸೀಡ್, ಪ್ರತಿ ಚರಕ್ಕೂ ಯಾವ ವಿತರಣೆ ಮತ್ತು ಯಾಕೆ ಎಂಬ ಒಂದೊಂದು ಸಾಲು ಜೊತೆಗಿರಲಿ. ಇಲ್ಲಿ ನಾವೂ ಒಮ್ಮೆ ಓಡಿಸಿ ನೋಡಿಯೇ ಅಚ್ಚಿಗೆ ಕೊಡುವುದು.

— ಸಂಪಾದಕ