ಡ್ಯಾಶ್‌ಬೋರ್ಡಿಗೆ ಒಂದೇ ದೊಡ್ಡ ಟೇಬಲ್ ಸಾಲದೇ?

ಪ್ರಶ್ನೆ: “ಮಾರಾಟ, ವಸೂಲಿ ಎರಡನ್ನೂ ಬಿಲ್ ನಂಬರ್ ಮೇಲೆ ಜೋಡಿಸಿ ಪವರ್ ಬಿಐನಲ್ಲಿ ಒಂದೇ ಟೇಬಲ್ ಮಾಡಿಕೊಂಡಿದ್ದೇನೆ. ಡೇಟಾ ಕಡಿಮೆ ಇದೆ, ವೇಗಕ್ಕೆ ತೊಂದರೆಯಿಲ್ಲ. ಆದರೂ ಸ್ಟಾರ್ ಸ್ಕೀಮಾ ಬೇಕೇ?”

ವೇಗದ ಮಾತನ್ನು ಬದಿಗಿಡಿ. ಸ್ಟಾರ್ ಸ್ಕೀಮಾ ಎಂದರೆ ವ್ಯವಹಾರದ ಸಾಲುಗಳನ್ನು ಒಂದು ಕಡೆ, ಅಂಗಡಿ, ದಿನಾಂಕದಂತಹ ವಿವರಗಳನ್ನು ಬೇರೆ ಟೇಬಲ್‌ಗಳಲ್ಲಿ ಇಟ್ಟು ಸಂಬಂಧ ಕೊಡುವುದು. ಅದು ಬೇಕಿರುವುದು ಲೆಕ್ಕ ಸರಿಬರಲು. ನಿಮ್ಮ ಬಾಕಿಯ ಮೊತ್ತ ಈಗಾಗಲೇ ತಪ್ಪಾಗಿರುವ ಸಂಭವವಿದೆ. ದಾವಣಗೆರೆಯಲ್ಲಿ ಬೀಜ, ಗೊಬ್ಬರದ ಸಗಟು ವ್ಯಾಪಾರಿಯೊಬ್ಬರಿಗೆ ನಾನು ಮಾಡಿಕೊಟ್ಟ ಮೊದಲ ಡ್ಯಾಶ್‌ಬೋರ್ಡ್ ಕೂಡ ಹೀಗೆಯೇ ಇತ್ತು. ಸುತ್ತಲಿನ ತಾಲ್ಲೂಕುಗಳ ಅಂಗಡಿಗಳಿಗೆ ಅವರು ಉದ್ರಿ ಕೊಡುತ್ತಿದ್ದರು, ಹಣ ಕಂತುಗಳಲ್ಲಿ ಬರುತ್ತಿತ್ತು. ಡ್ಯಾಶ್‌ಬೋರ್ಡ್ ಒಪ್ಪಿಸಿದ ಮೂರನೆಯ ದಿನ ಮಾಲೀಕರು ಖಾತೆ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟು, “ತಮ್ಮಾ, ಹರಿಹರದ ಅಂಗಡಿಯವರು ನಮಗೆ ಹತ್ತು ಸಾವಿರ ಕೊಡಬೇಕು, ನಿನ್ನ ಪರದೆಯಲ್ಲಿ ನಾವೇ ಅವರಿಗೆ ಐವತ್ತು ಸಾವಿರ ಕೊಡಬೇಕು ಅಂತಿದೆಯಲ್ಲ” ಎಂದರು.

ಆ ಬಿಲ್ಲಿನಲ್ಲಿ ಮೂರು ಸಾಲುಗಳಿದ್ದವು: ಮೆಕ್ಕೆಜೋಳದ ಬಿತ್ತನೆ ಬೀಜ 40,000, ಡಿಎಪಿ 25,000, ಯೂರಿಯಾ 15,000 ರೂಪಾಯಿ, ಒಟ್ಟು 80,000. ಅದಕ್ಕೆ 50,000 ಮತ್ತು 20,000ದ ಎರಡು ಕಂತು ಜಮಾ ಆಗಿತ್ತು. ಬಿಲ್ ನಂಬರ್ ಮೇಲೆ ಜೋಡಿಸಿದಾಗ ಮೂರು ಸಾಲುಗಳಲ್ಲಿ ಪ್ರತಿಯೊಂದಕ್ಕೂ ಎರಡು ಕಂತುಗಳೂ ಅಂಟಿಕೊಂಡು ಆರು ಸಾಲುಗಳಾದವು. ಹಾಗಾಗಿ ಮಾರಾಟ ಎರಡು ಪಟ್ಟಾಗಿ 1,60,000, ವಸೂಲಿ ಮೂರು ಪಟ್ಟಾಗಿ 2,10,000 ಎಂದು ಕೂಡಿಕೊಂಡಿತು. ಒಂದೇ ಸಾಲು, ಒಂದೇ ಕಂತು ಇರುವ ಬಿಲ್ಲುಗಳಲ್ಲಿ ಮಾತ್ರ ಲೆಕ್ಕ ಸರಿಯಾಗಿಯೇ ಬರುತ್ತದೆ, ಮತ್ತು ಒಪ್ಪಿಸುವ ಮೊದಲು ನಾನು ತಾಳೆ ನೋಡಿದ್ದು ಅಂತಹ ಸಣ್ಣ ಬಿಲ್ಲುಗಳನ್ನೇ.

ನನಗೆ ಹೆಚ್ಚು ನಷ್ಟ ತಂದದ್ದು ಇದರ ನಂತರ ಮಾಡಿದ ಕೆಲಸ. ಟೇಬಲ್ಲನ್ನು ಬಿಡಿಸುವ ಬದಲು, ವಸೂಲಿ ಕೂಡುವಾಗ ಬಿಲ್ ನಂಬರ್, ದಿನಾಂಕ, ಮೊತ್ತ ಮೂರೂ ಒಂದೇ ಆಗಿರುವ ಸಾಲುಗಳನ್ನು ನಕಲು ಎಂದು ತೆಗೆದುಹಾಕಿದೆ. ಹರಿಹರದ ವಸೂಲಿಯ ಲೆಕ್ಕ ಸರಿಹೋಯಿತು. ಆದರೆ ಇನ್ನೊಂದು ಅಂಗಡಿಯವರು ಒಂದೇ ದಿನ ಬೆಳಿಗ್ಗೆ ಹತ್ತು ಸಾವಿರ, ಸಂಜೆ ಹತ್ತು ಸಾವಿರ ಕಟ್ಟಿದ್ದರು. ಅವೆರಡೂ ನಿಜವಾದ ರಸೀದಿಗಳು, ನನ್ನ ಲೆಕ್ಕದಲ್ಲಿ ಒಂದು ಅಳಿಸಿಹೋಯಿತು. ಕಟ್ಟಿದ ಹಣವನ್ನೇ ಮತ್ತೆ ಕೇಳಲು ಅವರ ಅಂಗಡಿಗೆ ವಸೂಲಿಯ ಹುಡುಗ ಹೋಗಿಬಂದ. ಆ ಕೆಲಸ ನನ್ನ ಕೈಬಿಟ್ಟದ್ದು ಆಗಲೇ. ಜೋಡಣೆಯೇ ತಪ್ಪಾಗಿರುವಾಗ ಯಾವ ಸಾಲು ನಕಲು, ಯಾವುದು ಅಸಲು ಎಂದು ಟೇಬಲ್ಲೇ ಹೇಳಲಾರದು.

ಡೇಟಾ ವೇರ್‌ಹೌಸ್ ವಿನ್ಯಾಸಕ್ಕೆ ಹೆಸರಾದ ರಾಲ್ಫ್ ಕಿಂಬಾಲ್ ಅವರ ಕ್ರಮದಲ್ಲಿ ವ್ಯವಹಾರವನ್ನು ಆರಿಸಿಕೊಂಡ ಕೂಡಲೇ ಗ್ರೇನ್, ಅಂದರೆ ಒಂದು ಸಾಲು ಎಂದರೆ ಏನು ಎಂಬುದನ್ನು ತೀರ್ಮಾನಿಸಬೇಕು. ಅಂಗಡಿ, ದಿನಾಂಕದಂತಹ ಡೈಮೆನ್ಷನ್‌ಗಳೂ ಮೊತ್ತದಂತಹ ಅಳತೆಗಳೂ ಆಮೇಲೆ. ಮಾರಾಟದಲ್ಲಿ ಒಂದು ಸಾಲು ಎಂದರೆ ಬಿಲ್ಲಿನ ಒಂದು ಸರಕು, ವಸೂಲಿಯಲ್ಲಿ ಒಂದು ರಸೀದಿ. ಗ್ರೇನ್ ಬೇರೆಯಾದ್ದರಿಂದ ಇವು ಎರಡು ಫ್ಯಾಕ್ಟ್ ಟೇಬಲ್‌ಗಳು, ಅಂದರೆ ನಡೆದ ವ್ಯವಹಾರವನ್ನು ಸಾಲುಸಾಲಾಗಿ ಇಡುವ ಟೇಬಲ್‌ಗಳು, ಇವುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಬಾರದು. ಅಂಗಡಿ ಮತ್ತು ದಿನಾಂಕ ಎಂಬ ಡೈಮೆನ್ಷನ್ ಟೇಬಲ್‌ಗಳನ್ನು ಮಾಡಿ, ಪ್ರತಿಯೊಂದರಿಂದಲೂ ಎರಡು ಫ್ಯಾಕ್ಟ್‌ಗಳಿಗೆ ಒಂದರಿಂದ ಹಲವಕ್ಕೆ ಹೋಗುವ, ಒಂದೇ ದಿಕ್ಕಿನ ಸಂಬಂಧ ಕೊಡಿ. ಸರಕಿನ ಡೈಮೆನ್ಷನ್ ಮಾರಾಟಕ್ಕೆ ಮಾತ್ರ ಸೇರುತ್ತದೆ. ಅಂಗಡಿಯ ಟೇಬಲ್ಲಿನಲ್ಲಿ ಒಂದು ಅಂಗಡಿಗೆ ಒಂದೇ ಸಾಲು ಇರಲಿ. ಬಿಲ್ಲುಗಳಲ್ಲಿ ಹೆಸರು ಎರಡು ಬಗೆಯಾಗಿ ಬರೆದಿದ್ದರೆ ಅದನ್ನು ಮೊದಲು ಒಂದು ಕೋಡಿಗೆ ತನ್ನಿ. ಆಮೇಲೆ ಮೆಷರ್‌ಗಳನ್ನು, ಅಂದರೆ ಲೆಕ್ಕದ ಸೂತ್ರಗಳನ್ನು, ಹೀಗೆ ಬರೆಯಿರಿ:

```
Sales = SUM(FactSales[Amount])
Receipts = SUM(FactReceipts[Amount])
Balance = [Sales] - [Receipts]
```

ಈಗ ಹರಿಹರದ ಅಂಗಡಿಯನ್ನು ಆರಿಸಿದರೆ 80,000 ಮತ್ತು 70,000 ಬೇರೆಬೇರೆಯಾಗಿ ಕೂಡಿ, ಕೊನೆಯಲ್ಲಿ ಕಳೆಯುತ್ತವೆ, 10,000 ಉಳಿಯುತ್ತದೆ. ತಿಂಗಳನ್ನು ಆರಿಸಿದಾಗ ಮಾತ್ರ ಈ `Balance` ಆ ತಿಂಗಳ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಒಟ್ಟು ಬಾಕಿ ಬೇಕಿದ್ದರೆ ಮೊದಲ ದಿನದಿಂದ ಕೂಡುವ ಇನ್ನೊಂದು ಮೆಷರ್ ಬರೆಯಬೇಕು. ಪರದೆಯಲ್ಲಿ ಅಂಗಡಿಯನ್ನು ಆರಿಸುವ ಸ್ಲೈಸರಿಗೆ ಹೆಸರನ್ನು ಡೈಮೆನ್ಷನ್ನಿನಿಂದಲೇ ಎಳೆಯಿರಿ. ಮಾರಾಟದ ಟೇಬಲ್ಲಿನಿಂದ ಎಳೆದರೆ ವಸೂಲಿ ಸೋಸಿಕೊಳ್ಳದೆ, ಯಾವ ಅಂಗಡಿ ಆರಿಸಿದರೂ ಇಡೀ ವಸೂಲಿಯ ಮೊತ್ತವೇ ನಿಂತಿರುತ್ತದೆ. ಸರಕಿನ ಪ್ರಕಾರ ವಸೂಲಿ ನೋಡಹೊರಟರೂ ಯೂರಿಯಾ, ಡಿಎಪಿ ಎಲ್ಲದರ ಎದುರೂ ಅದೇ ಒಟ್ಟು ಮೊತ್ತ ಕಾಣುತ್ತದೆ. ಅಂಗಡಿಯವರು ಯೂರಿಯಾಕ್ಕೆಂದು ಬೇರೆ ಹಣ ಕಟ್ಟಿಲ್ಲವಾದ್ದರಿಂದ ಆ ಪ್ರಶ್ನೆಗೆ ಡೇಟಾದಲ್ಲಿ ಉತ್ತರವೇ ಇಲ್ಲ.

ಬರೀ ಮಾರಾಟದ ಸಾಲುಗಳಷ್ಟೇ ಇದ್ದಿದ್ದರೆ ನಿಮ್ಮ ಒಂದೇ ಟೇಬಲ್ಲಿಗೆ ನಾನು ಇಷ್ಟು ಆಕ್ಷೇಪಿಸುತ್ತಿರಲಿಲ್ಲ. ಈಗ ಮಾರಾಟದ ಮೂಲ ಟೇಬಲ್ಲಿನ ಸಾಲುಗಳನ್ನೂ ಜೋಡಿಸಿದ ಟೇಬಲ್ಲಿನ ಸಾಲುಗಳನ್ನೂ ಎಣಿಸಿ. ಎರಡನೆಯದು ಹೆಚ್ಚಿದ್ದರೆ, ಇಲ್ಲವೇ ಜೋಡಿಸಿದ ಟೇಬಲ್ಲಿನ ವಸೂಲಿಯ ಒಟ್ಟು ಮೂಲಕ್ಕಿಂತ ಹೆಚ್ಚಿದ್ದರೆ, ಒಂದಕ್ಕಿಂತ ಹೆಚ್ಚು ಸಾಲು ಅಥವಾ ಕಂತು ಇರುವ ಒಂದು ಬಿಲ್ಲನ್ನು ಹುಡುಕಿ, ಖಾತೆ ಪುಸ್ತಕದ ಪಕ್ಕದಲ್ಲಿಟ್ಟು ಕೂಡಿ ನೋಡಿ.